ಎರಡು ದಿನದ ಬ್ರೇಕ್

ನಾನು ಪಂಪ್‌ಹೌಸ್ ಕೆಲಸಕ್ಕೆ ಸೇರಿದ್ದು 1998ರ ಆಗಸ್ಟ್‌ನಲ್ಲಿ. ಆ ವಾರ ತುಂಗೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ಬಾವಿಯ ಜಾಲರಿಗೆ ಕಸಕಡ್ಡಿ ಸಿಕ್ಕಿ ಪಂಪು ಮೇಲಿಂದ ಮೇಲೆ ಟ್ರಿಪ್ ಆಗುತ್ತಿತ್ತು. ಮೊದಲ ರಾತ್ರಿ ಪಾಳಿಯಲ್ಲಿ ಅಣ್ಣ ಒಬ್ಬರು ನನಗೆ ಎರಡು ವಿಷಯ ಹೇಳಿಕೊಟ್ಟರು. ಒಂದು, ವೋಲ್ಟೇಜ್ ನೋಡದೆ ಸ್ಟಾರ್ಟರ್ ಮುಟ್ಟಬಾರದು. ಇನ್ನೊಂದು, ಎಷ್ಟೇ ನಿದ್ದೆ ಬರಲಿ, ಲಾಗ್‌ಬುಕ್ ಬರೆದು ಸಹಿ ಹಾಕದೆ ಪಾಳಿ ಬಿಡಬಾರದು. ಎರಡನೆಯ ಮಾತು ಇಪ್ಪತ್ತು ವರ್ಷದ ನಂತರ ನನ್ನ ಅನ್ನ ಉಳಿಸುತ್ತದೆ ಎಂದು ಆಗ ಅವರಿಗೂ ಗೊತ್ತಿರಲಿಲ್ಲ.

ಸಂಸ್ಥೆಯ ಹೆಸರು ಬೇಡ. ನದಿಯಿಂದ ನೀರೆತ್ತಿ ಊರಿಗೆ ಕೊಡುವ ಸಾರ್ವಜನಿಕ ಸಂಸ್ಥೆ, ಶಿವಮೊಗ್ಗ ಜಿಲ್ಲೆಯದ್ದು. ನಾನು ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿದ್ದೆ. ಅಲ್ಲಿಂದ ಹೋದ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಸಂದರ್ಶನಕ್ಕೆ ಕಾಗದ ಬಂತು, ಮೂವರು ಅಧಿಕಾರಿಗಳು ಕೂತು ಪ್ರಶ್ನೆ ಕೇಳಿದರು, ಕೆಲಸ ಕೊಟ್ಟರು. ಆದರೆ ಕೊಟ್ಟದ್ದು ಆರು ತಿಂಗಳ ಕರಾರು. ಇಪ್ಪತ್ತು ರೂಪಾಯಿ ಛಾಪಾ ಕಾಗದದಲ್ಲಿ ಎರಡು ಪುಟ, ಕೊನೆಯ ಸಾಲಿನಲ್ಲಿ ‘ಖಾಯಂ ಹುದ್ದೆಗೆ ಯಾವುದೇ ಹಕ್ಕು ಕೇಳುವುದಿಲ್ಲ’ ಅಂತ. ಆರು ತಿಂಗಳು ಮುಗಿದ ಮೇಲೆ ಎರಡು ದಿನ ಬ್ರೇಕ್, ಮತ್ತೆ ಹೊಸ ಕರಾರು, ಮತ್ತೆ ಸಹಿ. 2014ರ ಆಗಸ್ಟ್‌ಗೆ ಹದಿನಾರು ವರ್ಷ, ಮೂವತ್ತೆರಡು ಕರಾರು, ನಡುವೆ ಮೂವತ್ತೊಂದು ಬ್ರೇಕು.

ಬ್ರೇಕ್ ಅಂದರೆ ರಜೆಯಲ್ಲ. ಆ ಎರಡು ದಿನವೂ ನಾವು ಪಂಪ್‌ಹೌಸಿನಲ್ಲೇ ಇರುತ್ತಿದ್ದೆವು. ಬೇರೆ ದಾರಿಯೇ ಇರಲಿಲ್ಲ. ದಿನಕ್ಕೆ ಮೂರು ಪಾಳಿ, ಖಾಯಂ ಆಪರೇಟರುಗಳು ಇದ್ದದ್ದು ಇಬ್ಬರೇ. ಕರಾರಿನ ಮೇಲಿದ್ದವರು ಐದು ಮಂದಿ ಆಪರೇಟರುಗಳು, ನಾಲ್ಕು ಮಂದಿ ವಾಲ್ವ್‌ಮನ್‌ಗಳು. ಒಂಬತ್ತು ಜನರಿಗೂ ಒಂದೇ ತಾರೀಕಿಗೆ ಬ್ರೇಕು. ನಾವೆಲ್ಲ ನಿಜವಾಗಿ ಮನೆಯಲ್ಲಿ ಕೂತಿದ್ದರೆ ಊರಿಗೆ ಎರಡು ದಿನ ನೀರೇ ಇರುತ್ತಿರಲಿಲ್ಲ. ಆ ಎರಡು ದಿನದ ಕೂಲಿಯನ್ನು ‘ಪಂಪ್‌ಹೌಸ್ ಸ್ವಚ್ಛತೆ’ ಎಂದು ವೋಚರ್ ಬರೆದು ಕೊಡುತ್ತಿದ್ದರು. ದುಡ್ಡು ಬಂತಲ್ಲ ಎಂದು ನಾವೂ ಸುಮ್ಮನಿದ್ದೆವು.

ನನಗೆ ಹೇಳಿಕೊಟ್ಟ ಅಣ್ಣ 1995ರ ಫೆಬ್ರವರಿಯಲ್ಲಿ ಸೇರಿದವರು. ಅವರದೂ ನಮ್ಮಂಥದೇ ಕರಾರು. ಅವರಿಗೆ 2012ರಲ್ಲಿ ಖಾಯಂ ಆಯಿತು, ನನಗೆ ಆಗಲಿಲ್ಲ. ಕಾರಣ ಒಂದು ತಾರೀಕು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಮ್ಮ ಕರ್ನಾಟಕ ಸರ್ಕಾರದ ದಿನಗೂಲಿ ನೌಕರರಿಂದಲೇ ಹುಟ್ಟಿದ ಪ್ರಕರಣ ಅದು. ಸಂವಿಧಾನದ ಪ್ರಕಾರ ಎಲ್ಲರಿಗೂ ಅವಕಾಶ ಕೊಟ್ಟು ಆಯ್ಕೆ ಮಾಡದೆ ಹಿಂಬಾಗಿಲಿನಿಂದ ಬಂದವರು, ಎಷ್ಟು ವರ್ಷ ದುಡಿದರೂ ಆ ಕಾರಣಕ್ಕೇ ಖಾಯಂ ಹಕ್ಕು ಕೇಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ಆದರೆ ಅದರ 53ನೇ ಪ್ಯಾರಾದಲ್ಲಿ ಒಂದು ಕಿಟಕಿ ತೆರೆದಿಟ್ಟರು. ಮಂಜೂರಾದ ಖಾಲಿ ಹುದ್ದೆಯಲ್ಲಿ, ತಕ್ಕ ವಿದ್ಯಾರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲದ ಕ್ರಮವಾಗಿ ಸಕ್ರಮ ಮಾಡಿ ಅಂತ. 2010ರಲ್ಲಿ ಎಂ.ಎಲ್. ಕೇಸರಿ ಪ್ರಕರಣದಲ್ಲಿ, ಅದೂ ನಮ್ಮ ರಾಜ್ಯದ್ದೇ, ಸುಪ್ರೀಂ ಕೋರ್ಟು ಅದನ್ನು ಬಿಡಿಸಿ ಹೇಳಿತು. 2006ರ ಏಪ್ರಿಲ್ 10ಕ್ಕೆ ಹತ್ತು ವರ್ಷ ತುಂಬಿದ್ದವರನ್ನು ಇಲಾಖೆ ಅಂದು ಪರಿಗಣಿಸದೆ ಬಿಟ್ಟಿದ್ದರೆ, ಈಗಲಾದರೂ ಪರಿಗಣಿಸಬೇಕು ಅಂತ. ಅಣ್ಣನಿಗೆ ಆ ದಿನಕ್ಕೆ ಹನ್ನೊಂದು ವರ್ಷವಾಗಿತ್ತು. ನನಗೆ ಏಳು ವರ್ಷ ಎಂಟು ತಿಂಗಳು.

ಒಂದೇ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದವರು ನಾವು. ಆದೇಶ ಬಂದ ದಿನ ಅಣ್ಣ ಸಿಹಿ ತಂದಿದ್ದರು, ಕೊಡುವಾಗ ನನ್ನ ಮುಖ ನೋಡಲಿಲ್ಲ.

ಅದಾದ ಮೇಲೆ ನನ್ನ ಪಾಡಿಗೆ ನಾನಿದ್ದೆ. 2014ರ ಬೇಸಗೆಯಲ್ಲಿ ಕಚೇರಿಯಿಂದ ಸುದ್ದಿ ಬಂತು. ಮುಂದಿನ ಕರಾರು ಸಂಸ್ಥೆಯ ಜೊತೆ ಅಲ್ಲ, ಒಂದು ಏಜೆನ್ಸಿ ಬರುತ್ತದೆ, ಎಲ್ಲರೂ ಅದರ ಫಾರಂಗೆ ಸಹಿ ಹಾಕಬೇಕು, ಕೆಲಸ ಅದೇ, ಸಂಬಳ ಅದೇ, ಪಿಎಫ್ ಬೇರೆ ಸಿಗುತ್ತದೆ ಅಂತ. ನಮ್ಮಲ್ಲಿ ಅರ್ಧ ಜನಕ್ಕೆ ಖುಷಿಯಾಯಿತು. ಅಣ್ಣ ಮಾತ್ರ ನನ್ನನ್ನು ಭದ್ರಾವತಿಗೆ ಕರೆದುಕೊಂಡು ಹೋದರು. ಅಲ್ಲಿ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಅವರ ಮನೆಯ ಜಗಲಿಯಲ್ಲಿ ಕೂತು ನಾನು ಎಲ್ಲ ಹೇಳಿದೆ, ಕೊನೆಗೆ ನನ್ನ ಬ್ರಹ್ಮಾಸ್ತ್ರ ಎಂದುಕೊಂಡಿದ್ದ ಮಾತನ್ನೂ ಹೇಳಿದೆ.

“ಸಾರ್, ವರ್ಷಕ್ಕೆ 240 ದಿನ ಆದ್ರೆ ಪರ್ಮನೆಂಟ್ ಅಂತಾರಲ್ಲ, ನಮ್ದು ಪ್ರತಿ ವರ್ಷ ಅದಕ್ಕಿಂತ ಜಾಸ್ತಿ ಆಗಿದೆ.”

“ಯಾರು ಹೇಳಿದ್ದು ಮಾರಾಯ ನಿಂಗೆ?” ಅಂದರು. “240 ದಿನ ಆದ್ರೆ ನೋಟಿಸು, ಪರಿಹಾರ ಕೊಡದೆ ನಿನ್ನ ತೆಗೆಯೋ ಹಾಗಿಲ್ಲ, ಅಷ್ಟೇ. ಅದು ಕೆಲಸದಿಂದ ತೆಗೆಯೋ ವಿಚಾರ. ಖಾಯಂ ಮಾಡೋ ವಿಚಾರ ಬೇರೆ.”

ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಜನ ದಾರಿ ತಪ್ಪಿದ್ದಾರೋ. ನಾನು ಕಂಡ ಹಾಗೆ ಕರಾರಿನ ಮೇಲೆ ದುಡಿಯುವ ಹತ್ತರಲ್ಲಿ ಎಂಟು ಮಂದಿ ಇದನ್ನೇ ನಂಬಿದ್ದಾರೆ. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆ 1947ರಲ್ಲಿ 240 ದಿನ ಬರುತ್ತಿದ್ದದ್ದು 25-ಬಿ ಕಲಮಿನಲ್ಲಿ, ನಿರಂತರ ಸೇವೆ ಎಂದರೇನು ಎಂದು ಹೇಳುವುದಕ್ಕೆ. ಅದರಿಂದ 25-ಎಫ್‌ನ ರಕ್ಷಣೆ, ಅಂದರೆ ಹಿರಿಯರು ಹೇಳಿದ ನೋಟಿಸು, ಪರಿಹಾರ, ಸಿಗುತ್ತಿತ್ತು. ಅದರಲ್ಲೂ 2(ಒಒ)(ಬಿಬಿ) ಎಂಬ ತೂತಿತ್ತು. ಅವಧಿ ಬರೆದ ಕರಾರು ಮುಗಿದು ನವೀಕರಣವಾಗದಿದ್ದರೆ ಅದು ಕೆಲಸದಿಂದ ತೆಗೆದಂತೆಯೇ ಅಲ್ಲ ಎಂದು ಆ ಕಲಂ ಹೇಳುತ್ತಿತ್ತು. ಸಂಸ್ಥೆಗಳು ಆರಾರು ತಿಂಗಳ ಕಾಗದ ಬರೆಸುತ್ತಿದ್ದದ್ದು ಈ ತೂತಿಗಾಗಿಯೇ.

ಹಿರಿಯರು ತೋರಿಸಿದ್ದು ಇನ್ನೊಂದು ಜಾಗ. ಅದೇ ಕಾಯ್ದೆಯ ಐದನೇ ಅನುಸೂಚಿ, ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿ, ಹತ್ತನೇ ಸಾಲು. ಕೆಲಸಗಾರರನ್ನು ಬದಲಿ, ಸಾಂದರ್ಭಿಕ ಅಥವಾ ತಾತ್ಕಾಲಿಕ ಎಂದು ನೇಮಿಸಿ, ಖಾಯಂ ಕೆಲಸಗಾರರ ಸ್ಥಾನಮಾನ ತಪ್ಪಿಸುವ ಉದ್ದೇಶದಿಂದ ವರ್ಷಗಟ್ಟಲೆ ಹಾಗೆಯೇ ಮುಂದುವರಿಸುವುದು ಅನುಚಿತ ಪದ್ಧತಿ. ಉಮಾದೇವಿ ತೀರ್ಪು ಬಂದ ಮೇಲೂ ಈ ದಾರಿ ಮುಚ್ಚಿಲ್ಲ. ಮಹಾರಾಷ್ಟ್ರದ ಸಾರಿಗೆ ನಿಗಮದ ಸ್ವಚ್ಛತಾ ಕೆಲಸಗಾರರ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು, ಅನುಚಿತ ಪದ್ಧತಿ ಸಾಬೀತಾದರೆ ಕಾರ್ಮಿಕ ನ್ಯಾಯಾಲಯಗಳಿಗಿರುವ ಅಧಿಕಾರವನ್ನು ಉಮಾದೇವಿ ಕಿತ್ತುಕೊಂಡಿಲ್ಲ ಎಂದಿತ್ತು. ಆದರೆ ಹುದ್ದೆಯೇ ಇಲ್ಲದ ಕಡೆ ಹುದ್ದೆ ಸೃಷ್ಟಿಸುವುದು ಕೋರ್ಟಿನ ಕೆಲಸವಲ್ಲ ಎಂಬುದೂ ಅಲ್ಲೇ ಇದೆ. ಆ ಎರಡನೇ ಮಾತು ನಮ್ಮ ವಾಲ್ವ್‌ಮನ್‌ಗಳಿಗೆ ಮುಂದೆ ಮುಳ್ಳಾಯಿತು.

“ಮೂರು ವಿಷಯ ಕಾಗದದಲ್ಲಿ ತಗೊಂಡು ಬಾ” ಅಂದರು ಹಿರಿಯರು. “ಹುದ್ದೆ ಮಂಜೂರಾಗಿದೆಯಾ, ಎಷ್ಟು ಖಾಲಿ ಇದೆ. ಬ್ರೇಕಿನ ದಿನ ಕೆಲಸ ಮಾಡಿದ್ದಕ್ಕೆ ದಾಖಲೆ. ಬ್ರೇಕ್ ಯಾಕೆ ಕೊಡ್ತಿದ್ರು ಅಂತ ಅವರ ಕಡತದಲ್ಲೇ ಏನು ಬರೆದಿದ್ದಾರೆ. ಅಲ್ಲಿವರೆಗೆ ಏಜೆನ್ಸಿ ಫಾರಂ ಮುಟ್ಟಬೇಡ.”

ಏಜೆನ್ಸಿಯ ಫಾರಂಗೆ ಸಹಿ ಹಾಕಿದರೆ ನಾವು ಗುತ್ತಿಗೆದಾರನ ಕೆಲಸಗಾರರಾಗುತ್ತೇವೆ. ಆಮೇಲೆ ಖಾಯಂ ಕೇಳಬೇಕಾದರೆ ಆ ಗುತ್ತಿಗೆಯೇ ಬರೀ ತೋರಿಕೆಯದು ಎಂದು ಮೊದಲು ಸಾಬೀತು ಮಾಡಬೇಕು. ಅದು ಬೇರೆಯೇ, ಇನ್ನೂ ಕಷ್ಟದ ವ್ಯಾಜ್ಯ.

ಆರ್‌ಟಿಐ ಅರ್ಜಿ ನಾನೇ ಬರೆದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಅದಕ್ಕೆ ಮೂರು ಬೇರೆ ಬೇರೆ ಅರ್ಜಿ, ಒಂದೊಂದಕ್ಕೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಮೊದಲ ಸಲ ಲಾಗ್‌ಬುಕ್ಕಿನ ಪ್ರತಿ ಕೇಳಿದಾಗ ‘1998ರಿಂದ 2014ರವರೆಗಿನ ಎಲ್ಲ ಪುಟ’ ಎಂದು ಬರೆದು ತಪ್ಪು ಮಾಡಿದೆ. ಮಾಹಿತಿ ಅಗಾಧವಾಗಿದೆ, ಕೊಡಲಾಗದು ಎಂದು ಹಿಂಬರಹ ಬಂತು. ಎರಡನೇ ಸಲ ಕರಾರುಗಳನ್ನೆಲ್ಲ ಮುಂದಿಟ್ಟುಕೊಂಡು ಮೂವತ್ತೊಂದು ಬ್ರೇಕಿನ ಅರವತ್ತೆರಡು ತಾರೀಕು ಪಟ್ಟಿ ಮಾಡಿ, ಆ ಅರವತ್ತೆರಡು ಪುಟ ಮಾತ್ರ ಸಾಕು ಎಂದು ಬರೆದೆ. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ನಲವತ್ತಾರು ಪುಟ ಬಂತು, ಪುಟಕ್ಕೆ ಎರಡು ರೂಪಾಯಿಯಂತೆ ತೊಂಬತ್ತೆರಡು ರೂಪಾಯಿ. ಉಳಿದವು ತೇವಕ್ಕೆ ಹಾಳಾಗಿವೆ ಎಂದರು. ಮಲೆನಾಡಿನ ಮಳೆಗಾಲದಲ್ಲಿ ನದಿ ಪಕ್ಕದ ಕಪಾಟಿನಲ್ಲಿಟ್ಟ ಪುಸ್ತಕ, ನಾನೂ ನಂಬಿದೆ.

ಆ ನಲವತ್ತಾರು ಪುಟದಲ್ಲಿ ಮೂವತ್ತೊಂದರಲ್ಲಿ ನನ್ನ ಸಹಿ ಇತ್ತು. ಉಳಿದವುಗಳಲ್ಲಿ ನನ್ನ ಜೊತೆಯವರದ್ದು. ಮೋಟಾರ್ ಶುರುವಾದ ಗಂಟೆ, ಆಂಪಿಯರ್, ಕರೆಂಟ್ ಹೋದ ಹೊತ್ತು, ಎಲ್ಲ ನನ್ನದೇ ಕೈಬರಹ. ಅವತ್ತು ರಾತ್ರಿ ಹೆಂಡತಿ ಒಂದೊಂದೇ ಪುಟ ತಿರುವಿ ನೋಡಿ, “ಈ ದಿನ ಮಗೂಗೆ ಜ್ವರ ಇತ್ತು, ಬ್ರೇಕ್ ಅಲ್ವಾ ಮನೇಲಿರಿ ಅಂದ್ರೂ ಹೋಗಿದ್ರಿ” ಅಂದಳು.

ಹುದ್ದೆಯ ಉತ್ತರ ಸುಲಭಕ್ಕೆ ಬಂತು. ಪಂಪ್ ಆಪರೇಟರ್ ಮಂಜೂರಾದ ಹುದ್ದೆ ಆರು, ಭರ್ತಿ ಎರಡು, ಖಾಲಿ ನಾಲ್ಕು. ವಾಲ್ವ್‌ಮನ್ ಎಂಬ ಹುದ್ದೆಯೇ ಮಂಜೂರಾಗಿಲ್ಲ. ಎಲ್ಲಕ್ಕಿಂತ ಬೆಲೆ ಬಾಳಿದ್ದು ಮೂರನೆಯದು. ಕಡತದ ಟಿಪ್ಪಣಿ ಹಾಳೆಯಲ್ಲಿ ಯಾರೋ ವಿಷಯ ನಿರ್ವಾಹಕರು ಬರೆದ ಎರಡು ಸಾಲು, ಮೇಲಧಿಕಾರಿಯ ಒಪ್ಪಿಗೆಯ ಸಹಿಯೊಡನೆ. ಸೇವೆಯಲ್ಲಿ ವಿರಾಮ ನೀಡದಿದ್ದಲ್ಲಿ ಸದರಿಯವರು ಖಾಯಂಗೆ ಹಕ್ಕು ಸಾಧಿಸುವ ಸಂಭವವಿರುತ್ತದೆ ಎಂದಿತ್ತು. ಐದನೇ ಅನುಸೂಚಿ ಉದ್ದೇಶವನ್ನು ಕೇಳುತ್ತದೆ. ಉದ್ದೇಶ ಎಂಬುದು ಮನಸ್ಸಿನೊಳಗಿನದು, ಸಾಬೀತು ಮಾಡುವುದು ಕಷ್ಟ. ಇಲ್ಲಿ ಅವರೇ ಬರೆದಿಟ್ಟಿದ್ದರು.

ಮುಂದಿನ ಹೆಜ್ಜೆಯಲ್ಲಿ ನಾನು ಒಬ್ಬನೇ ಹೋಗುವಂತಿರಲಿಲ್ಲ. ಕೆಲಸದಿಂದ ತೆಗೆದಾಗ ಒಬ್ಬನೇ ಕಾರ್ಮಿಕ ವಿವಾದ ಎತ್ತಬಹುದಿತ್ತು, 2-ಎ ಕಲಂ ಅದಕ್ಕೇ ಇತ್ತು. ಖಾಯಂ ಮಾಡಿ ಎಂಬ ಬೇಡಿಕೆಗೆ ಅದು ಸಾಲುತ್ತಿರಲಿಲ್ಲ, ಯೂನಿಯನ್ ಅಥವಾ ಗಣನೀಯ ಸಂಖ್ಯೆಯ ಕೆಲಸಗಾರರು ಅದನ್ನು ತಮ್ಮದೆಂದು ಎತ್ತಿಕೊಳ್ಳಬೇಕಿತ್ತು. ಒಂಬತ್ತು ಜನರೂ ಯೂನಿಯನ್ ಸೇರಿ, ಸಭೆ ಕರೆದು, ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ ಸಹಿ ಹಾಕಿದೆವು. ಬೇಡಿಕೆ ಪತ್ರವನ್ನು ಸಂಸ್ಥೆಗೆ ಕೊಟ್ಟು, ಪ್ರತಿಯನ್ನು ಶಿವಮೊಗ್ಗದ ಕಾರ್ಮಿಕ ಇಲಾಖೆಗೆ ಕೊಟ್ಟೆವು. ಈ ನಿರ್ಣಯದ ಪುಸ್ತಕವನ್ನು ಎದುರು ವಕೀಲರು ಮುಂದೆ ಸಾಲು ಸಾಲಾಗಿ ಪರೀಕ್ಷಿಸಿದರು. ಅದೊಂದು ಇಲ್ಲದಿದ್ದರೆ ಪ್ರಕರಣ ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು.

ರಾಜಿ ಸಂಧಾನದ ನಾಲ್ಕು ದಿನಾಂಕದಲ್ಲಿ ಸಂಸ್ಥೆಯವರು ಎರಡಕ್ಕೆ ಬಂದರು, ಆಗದು ಎಂದರು. ಸಂಧಾನ ನಡೆಯುತ್ತಿರುವಾಗ ವಿವಾದಕ್ಕೆ ಸಂಬಂಧಿಸಿದ ಸೇವಾ ಷರತ್ತು ಬದಲಿಸುವಂತಿಲ್ಲ ಎಂದು 33ನೇ ಕಲಂ ಹೇಳುತ್ತಿದ್ದುದರಿಂದ ಏಜೆನ್ಸಿ ಸುದ್ದಿ ತಣ್ಣಗಾಗಿತ್ತು. ಆದರೆ ಅಧಿಕಾರಿ ಸಂಧಾನ ವಿಫಲವಾಯಿತೆಂದು ವರದಿ ಕಳಿಸಿ ಅದು ಸರ್ಕಾರಕ್ಕೆ ತಲುಪಿದ ಮೇಲೆ, ಸರ್ಕಾರ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸುವವರೆಗೆ ಆ ರಕ್ಷಣೆ ಇರುತ್ತಿರಲಿಲ್ಲ. ನಮಗೆ ಆ ನಡುವಿನ ಅವಧಿ ಐದು ತಿಂಗಳಾಯಿತು. ಆ ಐದು ತಿಂಗಳಲ್ಲೇ ಫಾರಂ ಹಿಡಿದುಕೊಂಡು ಪಂಪ್‌ಹೌಸಿಗೆ ಬಂದರು. ಸಹಿ ಹಾಕದವರಿಗೆ ಸಂಬಳ ತಡೆದರು, ಎರಡು ತಿಂಗಳು. ಐದು ಆಪರೇಟರುಗಳಲ್ಲಿ ಎಲ್ಲರಿಗಿಂತ ಚಿಕ್ಕವನು ಸಹಿ ಹಾಕಿದ. ಮನೆಯಲ್ಲಿ ತಂಗಿಯ ಮದುವೆ ಇತ್ತು. ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಉಳಿದವರು ಅಡಿಕೆ ಸುಲಿಯಲು ಹೋಗಿ ಆ ಎರಡು ತಿಂಗಳು ದಾಟಿದೆವು. ಹಗಲು ಪಾಳಿ, ಸಂಜೆ ತೋಟದ ಮನೆಗಳ ಅಂಗಳದಲ್ಲಿ ಮೆಟ್ಟುಗತ್ತಿ.

2015ರಲ್ಲಿ ಪ್ರಕರಣ ಕಾರ್ಮಿಕ ನ್ಯಾಯಾಲಯಕ್ಕೆ ಬಂತು. ನಮ್ಮ ವಕೀಲ ಮೇಡಂ ಮೊದಲ ದಿನವೇ ಹೇಳಿದರು. ಬರೀ ಪ್ರಮಾಣಪತ್ರದಲ್ಲಿ ನಾನು ಇಷ್ಟು ದಿನ ದುಡಿದೆ ಎಂದರೆ ಸಾಲದು. ಹಾದಿಮನಿ ಎಂಬುವರ ಪ್ರಕರಣದಲ್ಲಿ, ಅದೂ ನಮ್ಮ ರಾಜ್ಯದ ಅರಣ್ಯ ಇಲಾಖೆಯದ್ದೇ, 2002ರಲ್ಲಿ ಸುಪ್ರೀಂ ಕೋರ್ಟು ಸಾಬೀತು ಮಾಡುವ ಹೊಣೆ ಕೆಲಸಗಾರನದೇ ಎಂದಿದೆ. ಆಮೇಲೆ ಯಲ್ಲಟ್ಟಿ ಪ್ರಕರಣದಲ್ಲಿ, ಕೆಲಸಗಾರ ಸಾಕ್ಷಿಕಟ್ಟೆ ಹತ್ತಿ ಹೇಳಿ, ಹಾಜರಿ ಪುಸ್ತಕ, ಸಂಬಳದ ಪುಸ್ತಕ ತರಿಸಿ ಎಂದು ಕೇಳಿದರೆ ಆ ಹೊಣೆ ತೀರಿಸುವ ದಾರಿ ಅದು ಎಂದು ವಿವರಿಸಿದೆ. ಹಾಗಾಗಿ ಅವರು ಮೊದಲು ಮಾಡಿದ್ದು ಲಾಗ್‌ಬುಕ್, ಹಾಜರಿ, ವೋಚರ್ ಮೂರನ್ನೂ ಹಾಜರುಪಡಿಸಲು ಸಂಸ್ಥೆಗೆ ನಿರ್ದೇಶಿಸಿ ಎಂಬ ಅರ್ಜಿ. ಸಂಸ್ಥೆ ಹಾಜರಿ ಪುಸ್ತಕ ತಂದಿತು, ಅದರಲ್ಲಿ ಬ್ರೇಕಿನ ಎರಡು ಮನೆ ಖಾಲಿ. ಲಾಗ್‌ಬುಕ್ ಒಂದೂ ಸಿಗಲಿಲ್ಲ ಎಂದರು. ಆರ್‌ಟಿಐನಲ್ಲಿ ಅವರೇ ದೃಢೀಕರಿಸಿ ಕೊಟ್ಟ ನಲವತ್ತಾರು ಪುಟ ಮೇಡಂ ಕೈಯಲ್ಲಿತ್ತು.

ನನ್ನ ಪಾಟಿ ಸವಾಲು ಎರಡು ದಿನ ನಡೆಯಿತು. “ಮೂವತ್ತೆರಡು ಕರಾರಿಗೂ ನೀವೇ ಸಹಿ ಹಾಕಿದ್ದಲ್ಲವೇ? ಹಕ್ಕು ಕೇಳುವುದಿಲ್ಲ ಎಂದು ಓದಿಯೇ ಸಹಿ ಹಾಕಿದ್ದಲ್ಲವೇ?” ಮೇಡಂ ಮೊದಲೇ ಹೇಳಿದ್ದರು, ಸುಳ್ಳು ಹೇಳಬೇಡಿ, ಓದಿರಲಿಲ್ಲ ಅನ್ನಬೇಡಿ ಅಂತ. “ಹೌದು, ನನ್ನದೇ ಸಹಿ. ಹಾಕದಿದ್ದರೆ ಕೆಲಸ ಇರುತ್ತಿರಲಿಲ್ಲ” ಎಂದೆ. ಆಮೇಲೆ ನನ್ನ ನೇಮಕಾತಿ ಹಿಂಬಾಗಿಲಿನದು ಎಂದು ಸೂಚಿಸಿದರು. ಟ್ರಂಕಿನ ತಳದಲ್ಲಿ ಮದುವೆ ಫೋಟೋಗಳ ಜೊತೆ ಉಳಿದಿದ್ದ 1998ರ ಸಂದರ್ಶನದ ಕಾಗದ ಅವತ್ತು ಕೆಲಸಕ್ಕೆ ಬಂತು. ಉದ್ಯೋಗ ವಿನಿಮಯ ಕೇಂದ್ರದ ಪಟ್ಟಿ, ಸಮಿತಿಯ ಸಂದರ್ಶನ, ಐಟಿಐ ಪ್ರಮಾಣಪತ್ರ, ಖಾಲಿ ಹುದ್ದೆ. ಕೊರತೆ ಏನಾದರೂ ಇದ್ದರೆ ಅದು ಕ್ರಮದಲ್ಲಿನ ಲೋಪ, ಕಾನೂನುಬಾಹಿರ ನೇಮಕಾತಿಯಲ್ಲ. ಈ ವ್ಯತ್ಯಾಸವನ್ನು ಉಮಾದೇವಿ ತೀರ್ಪೇ ಮಾಡಿದೆ.

ಸಂಸ್ಥೆಯ ಸಾಕ್ಷಿಗೆ ಮೇಡಂ ಕೇಳಿದ ಪ್ರಶ್ನೆ ನನಗೆ ಇವತ್ತೂ ನೆನಪಿದೆ. ಈ ತಾರೀಕಿನಂದು ಊರಿಗೆ ನೀರು ಹೋಗಿದೆಯೇ? ಹೋಗಿದೆ. ಇಪ್ಪತ್ತನಾಲ್ಕು ಗಂಟೆ ಪಂಪು ನಡೆದಿದೆಯೇ? ನಡೆದಿದೆ. ಮೂರು ಪಾಳಿಯಲ್ಲಿ ಇಬ್ಬರು ಖಾಯಂ ಆಪರೇಟರುಗಳು ಹೇಗೆ ನಡೆಸಿದರು? ಸಾಕ್ಷಿ ಉತ್ತರ ಹೇಳಲಿಲ್ಲ.

ಕಾರ್ಮಿಕ ನ್ಯಾಯಾಲಯದ ತೀರ್ಪು, ಅಂದರೆ ಅವಾರ್ಡ್, ಬಂದದ್ದು 2019ರಲ್ಲಿ. ಬ್ರೇಕುಗಳು ಕೃತಕ, ಅನುಚಿತ ಕಾರ್ಮಿಕ ಪದ್ಧತಿ ಸಾಬೀತಾಗಿದೆ, ಕರಾರಿನ ಕೊನೆಯ ಸಾಲಿನಿಂದ ಅದು ಸರಿಯಾಗುವುದಿಲ್ಲ. ನಾಲ್ವರು ಆಪರೇಟರುಗಳನ್ನು ಖಾಲಿ ಇರುವ ನಾಲ್ಕು ಹುದ್ದೆಗೆ, ವಿವಾದ ಒಪ್ಪಿಸಿದ ದಿನದಿಂದ ಖಾಯಂ ಮಾಡಬೇಕು. ಸಂಸ್ಥೆ ಬೆಂಗಳೂರಿನ ಹೈಕೋರ್ಟಿಗೆ ಹೋಯಿತು. 2022ರಲ್ಲಿ ಹೈಕೋರ್ಟು ಅವಾರ್ಡನ್ನು ಎತ್ತಿಹಿಡಿಯಿತು, ಆದರೆ ಖಾಯಂ ಲೆಕ್ಕ ಅವಾರ್ಡಿನ ದಿನದಿಂದ ಎಂದು ಬದಲಿಸಿತು. ನಾಲ್ಕು ವರ್ಷದ ವ್ಯತ್ಯಾಸದ ಹಣ ಹೋಯಿತು. ರಾಜ್ಯದಲ್ಲಿ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವಾದ್ದರಿಂದ ನನ್ನನ್ನು ಎನ್‌ಪಿಎಸ್‌ಗೆ ಹಾಕಿದರು. ಗ್ರಾಚ್ಯುಟಿಗೆ ಮಾತ್ರ 1998ರಿಂದ ಸೇವೆ ನಿರಂತರ ಎಂದು ಬರೆಸಿಕೊಂಡೆವು, ಬ್ರೇಕಿನ ದಿನಗಳೂ ಸೇರಿ.

ವಾಲ್ವ್‌ಮನ್‌ಗಳು ನಾಲ್ವರಿಗೆ ಮಂಜೂರಾದ ಹುದ್ದೆ ಇಲ್ಲದ್ದರಿಂದ ಖಾಯಂ ಸಿಗಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಬಂದ ತೀರ್ಪಿನಂತೆ, ಖಾಯಂ ಕೆಲಸಗಾರರ ವೇತನ ಶ್ರೇಣಿಯ ಕನಿಷ್ಠ ಮೊತ್ತ ಅವರಿಗೆ ಕೊಡಬೇಕೆಂದಾಯಿತು. ಸಂಬಳ ಸುಮಾರು ದುಪ್ಪಟ್ಟಾಯಿತು, ಕರಾರು ಮಾತ್ರ ತಪ್ಪಲಿಲ್ಲ. ಏಜೆನ್ಸಿಗೆ ಸಹಿ ಹಾಕಿದ ಹುಡುಗನಿಗೆ ಏನೂ ಸಿಗಲಿಲ್ಲ. ಅವನು ಈಗಲೂ ನನ್ನ ಜೊತೆ ಅದೇ ಪಾಳಿಯಲ್ಲಿ ಅದೇ ಸ್ಟಾರ್ಟರ್ ಒತ್ತುತ್ತಾನೆ.

2024ರ ಡಿಸೆಂಬರ್ 20ರಂದು ಜಗ್ಗೋ ಎಂಬ ಸ್ವಚ್ಛತಾ ಕೆಲಸಗಾರ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಶಕಗಟ್ಟಲೆ ಅಗತ್ಯದ ಕೆಲಸ ಮಾಡಿದವರ ಮೇಲೆ ಉಮಾದೇವಿಯನ್ನು ಆಯುಧದಂತೆ ಬಳಸಬಾರದು ಎಂದು ಹೇಳಿ ಅವರನ್ನು ಸಕ್ರಮ ಮಾಡಲು ಆದೇಶಿಸಿತು. ಅದನ್ನು ಹಿಡಿದುಕೊಂಡು ವಾಲ್ವ್‌ಮನ್‌ಗಳು ಮತ್ತೆ ಮೇಡಂ ಹತ್ತಿರ ಹೋಗಿದ್ದಾರೆ. ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಆ ಹತ್ತನೇ ಸಾಲಿನ ಮಾತು ಅದರ ಎರಡನೇ ಅನುಸೂಚಿಯಲ್ಲೂ ಇದೆ ಎಂದು ಮೇಡಂ ಹೇಳಿದರು. ವಾಲ್ವ್ ತೆಗೆದು ಮುಚ್ಚಿದ ಹೊತ್ತಿಗೆ ಇದುವರೆಗೆ ಯಾರೂ ಪುಸ್ತಕ ಇಟ್ಟಿರಲಿಲ್ಲ. ಈಗ ನಾಲ್ವರಿಗೂ ಒಂದೊಂದು ನೋಟ್‌ಬುಕ್ ಕೊಟ್ಟಿದ್ದೇನೆ. ಬೀದಿ, ಹೊತ್ತು, ಸಹಿ ಅವರು ಬರೆಯುತ್ತಾರೆ. ವಾರಕ್ಕೊಮ್ಮೆ ಇಂಜಿನಿಯರ್ ಹತ್ತಿರ ಒಂದು ಮೇಲುಸಹಿ ಹಾಕಿಸಿ, ಪುಟದ ಫೋಟೋ ತೆಗೆದಿಡುವ ಕೆಲಸ ನನ್ನದು.